ಮೂರು ನಿಮಿಷ, ನಾಲ್ಕು ಪ್ರಶ್ನೆ: ಸೀಡ್ ಹೂಡಿಕೆ ಕೇಳುವ ಬಗೆ

2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂವರು ಯುವಕರು ತಮ್ಮ ಪುಟ್ಟ ಕಂಪನಿಗೆ ಒಂದೂವರೆ ಲಕ್ಷ ಡಾಲರ್ ಹುಡುಕುತ್ತಿದ್ದರು. ಅಷ್ಟು ಹಣ ಕೊಟ್ಟವರಿಗೆ ಕಂಪನಿಯ ಶೇ. 10ರಷ್ಟು ಪಾಲು ಸಿಗುತ್ತಿತ್ತು. ಪರಿಚಿತರೊಬ್ಬರ ಮೂಲಕ ಏಳು ಹೂಡಿಕೆದಾರರ ಸಂಪರ್ಕವಾಯಿತು. ಐವರು ಬೇಡವೆಂದು ಬರೆದರು, ಇಬ್ಬರು ಉತ್ತರ ಬರೆಯಲೇ ಇಲ್ಲ. ಕಂಪನಿಯ ಹೆಸರು ಆಗ ‘ಏರ್‌ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್’. ಇಂದು ಅದನ್ನು ಎಲ್ಲರೂ ಏರ್‌ಬಿಎನ್‌ಬಿ ಎಂದು ಕರೆಯುತ್ತಾರೆ.

ಸಂಸ್ಥಾಪಕರಲ್ಲೊಬ್ಬರಾದ ಬ್ರಯನ್ ಚೆಸ್ಕಿ ಆ ನಿರಾಕರಣೆಯ ಪತ್ರಗಳನ್ನು 2015ರಲ್ಲಿ ಪ್ರಕಟಿಸಿದರು. ಆರಂಭದ ದಿನಗಳಲ್ಲಿ ಅವರು ಬಳಸುತ್ತಿದ್ದ ಸ್ಲೈಡುಗಳೂ ಈಗ ಎಲ್ಲರಿಗೂ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೂಡಿಕೆದಾರರ ಮುಂದಿನ ಮೂರು ನಿಮಿಷದಲ್ಲಿ ಏನು ಹೇಳಬೇಕು, ಯಾವುದು ಇಲ್ಲದಿದ್ದರೆ ಮಾತು ನಿಲ್ಲುವುದಿಲ್ಲ ಎಂಬುದು ತಿಳಿಯುತ್ತದೆ.

ಸೀಡ್ ಎಂದರೆ ಕಂಪನಿಗೆ ಹೊರಗಿನಿಂದ ಬರುವ ಮೊದಮೊದಲ ಹಣ. ಆ ಹೊತ್ತಿಗೆ ತೋರಿಸಲು ಲಾಭ-ನಷ್ಟದ ಲೆಕ್ಕಪತ್ರ ಹೆಚ್ಚೇನೂ ಇರುವುದಿಲ್ಲ. ಹೀಗಾಗಿ ಹೂಡಿಕೆದಾರರ ತಲೆಯಲ್ಲಿ ಓಡುವುದು ನಾಲ್ಕೇ ಪ್ರಶ್ನೆ. ಯಾರಿಗೆ ಏನು ತೊಂದರೆ? ಅದಕ್ಕೆ ಇವರ ಪರಿಹಾರವನ್ನು ಜನ ಈಗಾಗಲೇ ಬಳಸುತ್ತಿದ್ದಾರೆಯೇ? ಅಂಥ ಜನ ಎಷ್ಟಿದ್ದಾರೆ? ಈಗ ಎಷ್ಟು ಹಣ ಬೇಕು, ಅದರಿಂದ ಏನಾಗುತ್ತದೆ? ಪಿಚ್‌ನ ಭಾಷೆಯಲ್ಲಿ ಇವೇ ಸಮಸ್ಯೆ, ಟ್ರ್ಯಾಕ್ಷನ್, ಮಾರುಕಟ್ಟೆ ಮತ್ತು ಕೋರಿಕೆ.

ಏರ್‌ಬಿಎನ್‌ಬಿಯ ಸಮಸ್ಯೆಯ ಸ್ಲೈಡ್‌ನಲ್ಲಿ ಇದ್ದದ್ದು ಮೂರೇ ಮಾತು: ಪ್ರವಾಸಿಗರಿಗೆ ಬೆಲೆ ಮುಖ್ಯ, ಹೋಟೆಲಿನಲ್ಲಿ ಉಳಿದರೆ ಊರಿನ ಬದುಕು ಕಾಣಸಿಗುವುದಿಲ್ಲ, ಊರಿನವರ ಮನೆಯಲ್ಲಿ ಕೋಣೆ ಹಿಡಿಯಲು ಸುಲಭದ ದಾರಿಯಿಲ್ಲ. ತಂತ್ರಜ್ಞಾನದ ಸುದ್ದಿಯೇ ಅಲ್ಲಿಲ್ಲ. ಕೇಳುವವರು ತಮ್ಮ ಹಿಂದಿನ ಪ್ರವಾಸವನ್ನು ನೆನೆದು ತಲೆಯಾಡಿಸಬಹುದಾದ ಮಾತುಗಳಿವು.

ನಮ್ಮ ಕಡೆಯ ಕಾಲ್ಪನಿಕ ಉದಾಹರಣೆಯೊಂದನ್ನು ನೋಡೋಣ. ಹುಬ್ಬಳ್ಳಿಯ ಇಬ್ಬರು ಔಷಧಿ ಅಂಗಡಿಗಳಿಗಾಗಿ ಒಂದು ಆ್ಯಪ್ ಮಾಡಿದ್ದಾರೆ ಎಂದುಕೊಳ್ಳಿ. “ನಾವು ಚಿಲ್ಲರೆ ಔಷಧ ವ್ಯಾಪಾರಕ್ಕೆ ಸಮಗ್ರ ಡಿಜಿಟಲ್ ವೇದಿಕೆ ಕಟ್ಟುತ್ತಿದ್ದೇವೆ” ಎಂದು ಅವರು ಶುರುಮಾಡಿದರೆ ಯಾರಿಗೂ ಏನೂ ಕಾಣುವುದಿಲ್ಲ. ಬದಲಿಗೆ ಹೀಗೆ ಹೇಳಬಹುದು: “ಅವಧಿ ಮುಗಿಯುವ ಮಾತ್ರೆಗಳನ್ನು ಗಡುವಿನೊಳಗೆ ವಿತರಕರಿಗೆ ಮರಳಿಸದಿದ್ದರೆ ನಷ್ಟ ಅಂಗಡಿಯವರದು. ಯಾವ ಡಬ್ಬಿಯ ಅವಧಿ ಯಾವಾಗ ಮುಗಿಯುತ್ತದೆ ಎಂದು ನೋಡಲು ಅವರು ಇಂದಿಗೂ ಕಪಾಟು ಕಪಾಟು ಹುಡುಕುತ್ತಾರೆ. ನಮ್ಮ ಆ್ಯಪ್ ಖರೀದಿ ಬಿಲ್ ಓದಿಕೊಂಡು ಮುಂಚೆಯೇ ಎಚ್ಚರಿಸುತ್ತದೆ.” ಸಮಸ್ಯೆ ಮತ್ತು ಪರಿಹಾರ ಎರಡಕ್ಕೂ ಸೇರಿ ಮುಕ್ಕಾಲು ನಿಮಿಷ ಸಾಕು.

ಟ್ರ್ಯಾಕ್ಷನ್‌ಗೆ ಪೂರ್ತಿ ಒಂದು ನಿಮಿಷ ಬೇಕು. ಏರ್‌ಬಿಎನ್‌ಬಿಯ ಹಳೆಯ ಸ್ಲೈಡುಗಳು ಸೊರಗುವುದು ಇಲ್ಲಿಯೇ. ಬೇಡಿಕೆಯಿದೆ ಎಂದು ತೋರಿಸಲು ಅವರು ಕೊಟ್ಟದ್ದು ಬೇರೆಯವರ ಅಂಕಿ: ಕೌಚ್‌ಸರ್ಫಿಂಗ್ ತಾಣದ ಸದಸ್ಯರು 6.3 ಲಕ್ಷಕ್ಕೂ ಹೆಚ್ಚು, ಕ್ರೇಗ್ಸ್‌ಲಿಸ್ಟ್‌ನಲ್ಲಿ ತಾತ್ಕಾಲಿಕ ವಸತಿಯ ಜಾಹೀರಾತು ಸುಮಾರು 50 ಸಾವಿರ. ಜನ ಅಪರಿಚಿತರ ಮನೆಯಲ್ಲಿ ತಂಗುತ್ತಾರೆ ಎಂಬುದಕ್ಕೆ ಇದು ಆಧಾರವೇನೋ ಹೌದು. ಆದರೆ ಈ ಮೂವರಿಗೇ ಹಣ ಕೊಟ್ಟು ತಂಗುತ್ತಾರೆ ಎಂಬುದಕ್ಕೆ ಅಲ್ಲ.

2009ರ ಆರಂಭದಲ್ಲಿ ವೈ ಕಾಂಬಿನೇಟರ್ ಅವರನ್ನು ತನ್ನ ತರಬೇತಿಗೆ ಸೇರಿಸಿಕೊಂಡು 20 ಸಾವಿರ ಡಾಲರ್ ಕೊಟ್ಟಿತು. ಬಳಕೆದಾರರು ಹೆಚ್ಚಿರುವ ನ್ಯೂಯಾರ್ಕಿಗೇ ಹೋಗಿ ಅವರನ್ನು ಕಾಣಿ ಎಂದು ಪಾಲ್ ಗ್ರಹಾಂ ಅಟ್ಟಿದರು. ಸಂಸ್ಥಾಪಕರು ಮನೆಮನೆಗೆ ಹೋಗಿ ಕೋಣೆಗಳ ಒಳ್ಳೆಯ ಫೋಟೋ ತೆಗೆದರು. ವಾರಕ್ಕೆ 200 ಡಾಲರ್ ಇದ್ದ ಆದಾಯ 400ಕ್ಕೆ ಏರಿತು. ಮೊತ್ತ ಸಣ್ಣದೇ. ಆದರೆ ಇಂಥ ಕೆಲಸ ಮಾಡಿದೆವು, ಇಷ್ಟು ದಿನದಲ್ಲಿ ದುಪ್ಪಟ್ಟಾಯಿತು ಎಂದು ಹೇಳಲು ಈಗ ಅವರದೇ ಆದ ಲೆಕ್ಕವಿತ್ತು. ಅದೇ ವರ್ಷ ಸಿಕೋಯಾ ಸಂಸ್ಥೆಯಿಂದ ಸುಮಾರು 6 ಲಕ್ಷ ಡಾಲರ್ ಸೀಡ್ ಹಣ ಬಂತು.

ಹುಬ್ಬಳ್ಳಿಯ ಜೋಡಿ ತಪ್ಪುವ ಸಾಧ್ಯತೆಯೂ ಇಲ್ಲಿಯೇ ಹೆಚ್ಚು. “ಆ್ಯಪನ್ನು 2,000 ಮಂದಿ ಇಳಿಸಿಕೊಂಡಿದ್ದಾರೆ” ಎಂಬ ಮಾತು ದೊಡ್ಡದಾಗಿ ಕೇಳಿಸಿದರೂ ಏನನ್ನೂ ಹೇಳುವುದಿಲ್ಲ. ಮೊದಲ ದಿನದಿಂದ ಇಂದಿನವರೆಗಿನ ಒಟ್ಟು ಮೊತ್ತದ ಗ್ರಾಫ್ ಕೂಡ ಹಾಗೆಯೇ. ವ್ಯಾಪಾರ ನಿಂತುಹೋದರೂ ಅದು ಕೆಳಗಿಳಿಯುವುದಿಲ್ಲ. “40 ಅಂಗಡಿಗಳಿಗೆ ಉಚಿತವಾಗಿ ಕೊಟ್ಟೆವು. 31 ಅಂಗಡಿ ತಿಂಗಳಿಗೆ ₹500 ಕಟ್ಟತೊಡಗಿದವು. ಮೂರು ತಿಂಗಳ ನಂತರವೂ 28 ಅಂಗಡಿ ಕಟ್ಟುತ್ತಿವೆ” ಎಂದರೆ ಅಂಕಿ ಸಣ್ಣದಾದರೂ ಹೂಡಿಕೆದಾರರು ಪೆನ್ನು ಕೈಗೆತ್ತಿಕೊಳ್ಳುತ್ತಾರೆ. ಯಾರು ಹಣ ಕೊಟ್ಟರು, ಯಾರು ಉಳಿದರು ಎಂಬುದೇ ಅವರಿಗೆ ಬೇಕಾದದ್ದು.

ಮುಂದಿನದು ಮಾರುಕಟ್ಟೆ, ಅರ್ಧ ನಿಮಿಷ. ಏರ್‌ಬಿಎನ್‌ಬಿಯನ್ನು ನಿರಾಕರಿಸಿದ ಒಂದು ಪತ್ರದಲ್ಲಿ, ತಮ್ಮ ಲೆಕ್ಕಕ್ಕೆ ಈ ಮಾರುಕಟ್ಟೆ ಸಾಲದು ಎಂಬ ಮಾತಿತ್ತು. ಸೀಡ್ ಹಣ ಪಡೆದ ಕಂಪನಿಗಳಲ್ಲಿ ಬಹುಪಾಲು ಮುಳುಗುತ್ತವೆ. ಗೆದ್ದ ಒಂದೆರಡು ಆ ನಷ್ಟವನ್ನೆಲ್ಲ ತುಂಬಿಕೊಡಬೇಕು. ಆದ್ದರಿಂದ ಚೆನ್ನಾಗಿ ನಡೆಯಬಲ್ಲ ಸಣ್ಣ ವ್ಯಾಪಾರಕ್ಕೂ ಅವರು ಇಲ್ಲ ಎನ್ನುತ್ತಾರೆ. ಇಲ್ಲಿ ಹಲವರು ಇಡೀ ಉದ್ಯಮದ ಗಾತ್ರ ಹೇಳಿ, ಅದರಲ್ಲಿ ಶೇ. 1 ನಮಗೆ ಸಿಕ್ಕರೂ ಸಾಕು ಎನ್ನುತ್ತಾರೆ. ಆ ಒಂದು ಪಾಲು ಹೇಗೆ ಬರುತ್ತದೆ ಎಂಬುದಕ್ಕೆ ಉತ್ತರವಿರುವುದಿಲ್ಲ. ಏರ್‌ಬಿಎನ್‌ಬಿ ತನ್ನ ಸ್ಲೈಡ್‌ನಲ್ಲಿ ಗುಣಾಕಾರವನ್ನೇ ತೋರಿಸಿತ್ತು: ತಮ್ಮ ಮೂಲಕ ಆಗಬಹುದಾದ 1.06 ಕೋಟಿ ಪ್ರವಾಸ, ಪ್ರವಾಸಕ್ಕೆ ಸರಾಸರಿ 20 ಡಾಲರ್ ಶುಲ್ಕ, ಒಟ್ಟು 20 ಕೋಟಿ ಡಾಲರಿಗೂ ಮಿಕ್ಕ ಆದಾಯ. ಈ ಊಹೆಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದು, ಆದರೆ ಎಲ್ಲಿ ಪ್ರಶ್ನಿಸಬೇಕೆಂಬುದು ಸ್ಪಷ್ಟ. ಹುಬ್ಬಳ್ಳಿಯವರ ಲೆಕ್ಕವೂ ಹೀಗೆಯೇ ಸಾಗಬೇಕು: ಅಂಗಡಿಯೊಂದಕ್ಕೆ ವರ್ಷಕ್ಕೆ ₹6,000, ಒಂದು ಲಕ್ಷ ಅಂಗಡಿಗೆ ₹60 ಕೋಟಿ.

ಕೊನೆಗೆ ಕೋರಿಕೆ, ಮತ್ತರ್ಧ ನಿಮಿಷ. ಸಂಕೋಚದಿಂದಲೋ ಏನೋ, ಅನೇಕರು ಮೊತ್ತ ಹೇಳದೆ “ಸೂಕ್ತ ಹೂಡಿಕೆ ಹುಡುಕುತ್ತಿದ್ದೇವೆ” ಎಂದು ಮುಗಿಸುತ್ತಾರೆ. ಏರ್‌ಬಿಎನ್‌ಬಿಯ ಕೊನೆಯ ಸ್ಲೈಡ್‌ನಲ್ಲಿ ಮೊತ್ತ, ಅವಧಿ, ಗುರಿ ಮೂರೂ ಇದ್ದವು: 5 ಲಕ್ಷ ಡಾಲರ್, 12 ತಿಂಗಳು, 80 ಸಾವಿರ ಬುಕಿಂಗ್. ಹುಬ್ಬಳ್ಳಿಯವರು ಹೇಳಬಹುದಾದದ್ದು ಇಷ್ಟು: “ಶೇ. 15ರ ಪಾಲಿಗೆ ₹1.5 ಕೋಟಿ ಕೇಳುತ್ತಿದ್ದೇವೆ. ತಿಂಗಳಿಗೆ ₹8 ಲಕ್ಷ ಖರ್ಚು. ಹದಿನೆಂಟು ತಿಂಗಳು ನಡೆಯುತ್ತದೆ. ಅಷ್ಟರಲ್ಲಿ ಹಣ ಕಟ್ಟುವ 2,000 ಅಂಗಡಿ ನಮ್ಮದಾಗಬೇಕು.” ಶೇ. 15ಕ್ಕೆ ಒಂದೂವರೆ ಕೋಟಿ ಎಂದರೆ ಹೂಡಿಕೆಯ ನಂತರ ಕಂಪನಿಯ ಬೆಲೆ ₹10 ಕೋಟಿ. ಈ ಲೆಕ್ಕ ನಾಲಿಗೆಯ ತುದಿಯಲ್ಲಿರಬೇಕು, ಮರುಪ್ರಶ್ನೆ ಬರುವುದು ಅದರ ಮೇಲೆಯೇ.

ಇಷ್ಟಕ್ಕೆ ಎರಡು ಮುಕ್ಕಾಲು ನಿಮಿಷವಾಯಿತು. ಉಳಿದ ಕಾಲು ನಿಮಿಷದಲ್ಲಿ ಈ ಕೆಲಸಕ್ಕೆ ತಾವೇ ಏಕೆ ಸರಿ ಎಂದು ಒಂದು ವಾಕ್ಯದಲ್ಲಿ ಹೇಳಬಹುದು. ಪೈಪೋಟಿಯ ಕಂಪನಿಗಳ ವಿವರ, ಐದು ವರ್ಷಗಳ ಅಂದಾಜು, ತಾಂತ್ರಿಕ ಚಿತ್ರಗಳೆಲ್ಲ ಹೆಚ್ಚುವರಿ ಸ್ಲೈಡುಗಳಲ್ಲಿದ್ದು, ಕೇಳಿದಾಗ ತೆರೆದುಕೊಂಡರೆ ಸಾಕು.

ಪಿಚ್ ಎಲ್ಲಿ ಸೋತಿತು ಎಂಬುದನ್ನು ಕೇಳುಗರ ಮೊದಲ ಪ್ರಶ್ನೆಯೇ ತಿಳಿಸುತ್ತದೆ. “ನೀವು ಮಾಡುವುದೇನು?” ಎಂದರೆ ಸಮಸ್ಯೆ ಮುಟ್ಟಿಲ್ಲ. “ಇದಕ್ಕೆ ಯಾರು ದುಡ್ಡು ಕೊಡುತ್ತಾರೆ?” ಎಂದರೆ ಟ್ರ್ಯಾಕ್ಷನ್ ತಲುಪಿಲ್ಲ. “31ರಲ್ಲಿ ಆ ಮೂರು ಅಂಗಡಿ ಏಕೆ ಬಿಟ್ಟವು?” ಎಂದು ಕೇಳಿದರೆ ಅಂಕಿ ಅವರ ತಲೆಗೆ ಹೋಗಿದೆ ಎಂದು ತಿಳಿಯಬೇಕು, ಆ ಮೂವರು ಅಂಗಡಿಯವರನ್ನು ಮೊದಲೇ ಕಂಡು ಕಾರಣ ಕೇಳಿಕೊಂಡು ಬಂದವರಿಗೆ ಮುಂದಿನ ಭೇಟಿಯ ದಿನಾಂಕ ಸಿಗುವ ಸಾಧ್ಯತೆ ಹೆಚ್ಚು.