ಯುಎಸ್‌ಬಿ-ಸಿ ಕಿಂಡಿ ಇದ್ದರೆ ಹಳೆಯ ಲ್ಯಾಪ್‌ಟಾಪ್ ಗೇಮಿಂಗ್ ಕಂಪ್ಯೂಟರ್ ಆಗುತ್ತದೆಯೇ?

“ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಕಿಂಡಿಗೆ ಹೊರಗಿನ ಗ್ರಾಫಿಕ್ಸ್ ಕಾರ್ಡ್ ಪೆಟ್ಟಿಗೆ ಸಿಕ್ಕಿಸಿ, ಡೆಸ್ಕ್‌ಟಾಪ್‌ನಷ್ಟೇ ವೇಗ ಪಡೆಯಿರಿ” ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ. ದುಡ್ಡು ಹಾಕುವ ಮೊದಲು ಉಳಿದರ್ಧವನ್ನೂ ನೋಡೋಣ.

ಎಲ್ಲ ಕಿಂಡಿಯಲ್ಲೂ ನಡೆಯುತ್ತದೆಯೇ?

ಇಲ್ಲ. ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರಷ್ಟೇ. ಸಾಮಾನ್ಯವಾಗಿ ಈ ಪೆಟ್ಟಿಗೆಗಳಿಗೆ ಬೇಕಿರುವುದು ಥಂಡರ್‌ಬೋಲ್ಟ್ 3 ಅಥವಾ 4. ಕಿಂಡಿಯ ಪಕ್ಕ ಸಾಮಾನ್ಯವಾಗಿ ಮಿಂಚಿನ ಗುರುತು ಇರುತ್ತದೆ. ಆದರೂ ನಿಮ್ಮ ಮಾದರಿಯ ವಿವರಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಿಗೆ ಆಪಲ್ ಈ ಸೌಲಭ್ಯವನ್ನೇ ಕೊಟ್ಟಿಲ್ಲ.

ಡೆಸ್ಕ್‌ಟಾಪ್‌ನಷ್ಟೇ ವೇಗ ಸಿಗುತ್ತದೆಯೇ?

ಕಾರ್ಡ್ ಅದೇ, ಆದರೆ ದಾರಿ ಕಿರಿದು. ಡೆಸ್ಕ್‌ಟಾಪ್‌ನ ಪಿಸಿಐಇ 3.0 ಸ್ಲಾಟ್‌ನ 16 ಲೇನ್‌ಗಳಲ್ಲಿ ಸೆಕೆಂಡಿಗೆ ಸುಮಾರು 126 ಗಿಗಾಬಿಟ್ ಮಾಹಿತಿ ಸಾಗಬಲ್ಲದು. ಥಂಡರ್‌ಬೋಲ್ಟ್ 3ರ ಮೇಲೆ 40 ಎಂದು ಬರೆದಿದ್ದರೂ ಗ್ರಾಫಿಕ್ಸ್ ಕಾರ್ಡ್‌ಗೆ ವಾಸ್ತವದಲ್ಲಿ ಸಿಗುವುದು ಸುಮಾರು 22 ಗಿಗಾಬಿಟ್, ಅಂದರೆ 2,750 ಮೆಗಾಬೈಟ್.

ಈಗ ಲೆಕ್ಕ ಹಾಕೋಣ. ಆಟ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡಿದರೆ ಪ್ರತಿ ಫ್ರೇಮ್‌ಗೆ ಸುಮಾರು 45 ಮೆಗಾಬೈಟ್ ಸಾಗಿಸಲು ಅವಕಾಶವಿದೆ. 144 ಫ್ರೇಮ್ ಬೇಕೆಂದರೆ ಅದು 19ಕ್ಕೆ ಇಳಿಯುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಆಗಲೂ 109 ಇರುತ್ತದೆ. ಹಾಗಾಗಿ ಕಡಿಮೆ ರೆಸಲ್ಯೂಶನ್‌ನಲ್ಲಿ ಅತಿ ಹೆಚ್ಚು ಫ್ರೇಮ್ ಬಯಸುವವರಿಗೆ ನಷ್ಟ ಜಾಸ್ತಿ. 4ಕೆಯಲ್ಲಿ ಫ್ರೇಮ್‌ಗಳು ಕಡಿಮೆ, ಕಾರ್ಡ್‌ನೊಳಗಿನ ಕೆಲಸ ಹೆಚ್ಚು. ಅಲ್ಲಿ ನಷ್ಟ ಕಡಿಮೆ. ತ್ರೀಡಿ ರೆಂಡರಿಂಗ್‌ನಲ್ಲಿ ದೃಶ್ಯ ಒಮ್ಮೆ ಕಾರ್ಡ್‌ನ ಮೆಮೊರಿಗೆ ಹೋದರೆ ಕೆಲಸವೆಲ್ಲ ಅಲ್ಲೇ ನಡೆಯುತ್ತದೆ, ಕೇಬಲ್ ಅಡ್ಡಿಯಾಗುವುದು ಅಪರೂಪ. ದೃಶ್ಯ ಆ ಮೆಮೊರಿಯಲ್ಲಿ ಹಿಡಿಸದಿದ್ದರೆ ಮಾತ್ರ ವೇಗ ಕುಸಿಯುತ್ತದೆ.

ಯಾವ ಪರದೆಯಲ್ಲಿ ನೋಡಬೇಕು?

ಮಾನಿಟರನ್ನು ಪೆಟ್ಟಿಗೆಯೊಳಗಿನ ಕಾರ್ಡ್‌ಗೇ ನೇರವಾಗಿ ಜೋಡಿಸಿ. ಲ್ಯಾಪ್‌ಟಾಪ್‌ನ ಪರದೆಯಲ್ಲೇ ನೋಡಿದರೆ ತಯಾರಾದ ಪ್ರತಿ ಚಿತ್ರವೂ ಅದೇ ಕೇಬಲ್‌ನಲ್ಲಿ ವಾಪಸ್ ಬರಬೇಕು. 1920×1080 ಅಳತೆಯ ಒಂದು ಚಿತ್ರವೇ ಸುಮಾರು 8 ಮೆಗಾಬೈಟ್. 144 ಫ್ರೇಮ್‌ಗೆ ಅದು ಸೆಕೆಂಡಿಗೆ 1,200 ಮೆಗಾಬೈಟ್‌ನಷ್ಟಾಗುತ್ತದೆ.

ಅಡ್ಡಿ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಆಟದ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್‌ಗಳು ಏರಿದರೆ ಮಿತಿ ಇರುವುದು ಕಾರ್ಡ್‌ನಲ್ಲಿ. ಏರದಿದ್ದರೆ ತಡೆಯುತ್ತಿರುವುದು ಕೇಬಲ್ ಅಥವಾ ಲ್ಯಾಪ್‌ಟಾಪ್‌ನ ಪ್ರೊಸೆಸರ್. ಆಗ ಇನ್ನೂ ದುಬಾರಿ ಕಾರ್ಡ್ ತಂದರೂ ಪ್ರಯೋಜನವಿಲ್ಲ.

ನಮ್ಮ ತೀರ್ಮಾನ: ಫಾರ್ವರ್ಡ್ ಅರ್ಧಸತ್ಯ. ಥಂಡರ್‌ಬೋಲ್ಟ್ ಇರುವ, ಒಳ್ಳೆಯ ಪ್ರೊಸೆಸರ್‌ನ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗೆ ದೊಡ್ಡ ಲಾಭವಿದೆ. ಆದರೆ ಅದೇ ಕಾರ್ಡ್ ಡೆಸ್ಕ್‌ಟಾಪ್‌ನಲ್ಲಿ ಕೊಡುವಷ್ಟು ವೇಗವನ್ನು ಆಟಗಳಲ್ಲಿ ನಿರೀಕ್ಷಿಸಬೇಡಿ. ಕಾರ್ಡ್‌ನ ಬೆಲೆಯ ಜೊತೆ ಪೆಟ್ಟಿಗೆಯ ಬೆಲೆಯನ್ನೂ ಕೂಡಿಸಿ ನೋಡಿದ ಮೇಲೆ ನಿರ್ಧರಿಸಿ.