x ಜಾಗ ಖಾಲಿ ಮಾಡಿದಾಗ

ಎರಡು ರೇಖಾತ್ಮಕ ಸಮೀಕರಣಗಳಿಂದ ಒಂದು ಚರಾಕ್ಷರವನ್ನು ವರ್ಜಿಸುವುದು ಹತ್ತನೆಯ ತರಗತಿಯ ಪಾಠ. ಸಮೀಕರಣಗಳಲ್ಲಿ ವರ್ಗಗಳು ಸೇರಿಕೊಂಡರೆ ಅದೇ ಕೆಲಸ ತೊಡಕಾಗುತ್ತದೆ. ಈ ಜೋಡಿಯನ್ನೇ ನೋಡಿ:

x² + y² = 25
x² + xy = 21

ಮೊದಲನೆಯದು ವೃತ್ತ, ಎರಡನೆಯದು ಅತಿಪರವಲಯ. ಇವು ಎಲ್ಲಿ ಸಂಧಿಸುತ್ತವೆ? ಆದೇಶ ವಿಧಾನ ಹಿಡಿದರೆ ಮೊದಲನೆಯದರಿಂದ x = ±√(25 − y²) ಬರುತ್ತದೆ. ಅದನ್ನು ಎರಡನೆಯದರಲ್ಲಿ ಹಾಕಿದರೆ ವರ್ಗಮೂಲ ಬೆನ್ನು ಹತ್ತುತ್ತದೆ, ಅದನ್ನು ಕಳೆಯಲು ಮತ್ತೆ ವರ್ಗ ಮಾಡಬೇಕು. ಸಾಧ್ಯವಿಲ್ಲವೆಂದಲ್ಲ, ರೇಜಿಗೆ.

ರಿಸಲ್ಟೆಂಟ್ ವಿಧಾನ ಪ್ರಶ್ನೆಯನ್ನೇ ಬದಲಿಸುತ್ತದೆ. y ಒಂದು ಗೊತ್ತಾದ ಸಂಖ್ಯೆ ಎಂದುಕೊಂಡರೆ, ಎರಡೂ x ನಲ್ಲಿ ಬರೆದ ವರ್ಗ ಸಮೀಕರಣಗಳಷ್ಟೆ. y ಗೆ ಯಾವ ಬೆಲೆ ಕೊಟ್ಟರೆ ಅವೆರಡಕ್ಕೂ ಒಂದೇ ಮೂಲ ಸಿಗುತ್ತದೆ? ax² + bx + c = 0 ಮತ್ತು px² + qx + r = 0 ಗಳಿಗೆ ಸಾಮಾನ್ಯ ಮೂಲವಿದ್ದರೆ ಈ ಷರತ್ತು ಪಾಲನೆಯಾಗಲೇಬೇಕು:

(ar − pc)² = (aq − pb)(br − qc)

ಇದರಲ್ಲಿ x ಇಲ್ಲವೇ ಇಲ್ಲ. ಎಡಭಾಗದಿಂದ ಬಲಭಾಗವನ್ನು ಕಳೆದಾಗ ಉಳಿಯುವುದೇ ರಿಸಲ್ಟೆಂಟ್.

ನಮ್ಮ ಜೋಡಿಯಲ್ಲಿ a = 1, b = 0, c = y² − 25; p = 1, q = y, r = −21. ಆಗ (4 − y²)² = −y²(y² − 25). ಬಿಡಿಸಿದರೆ 2y⁴ − 33y² + 16 = 0, ಅಂದರೆ y² = 16 ಅಥವಾ ½. ಇನ್ನು x ಬೇಕು. ಮೂಲ ಸಮೀಕರಣಗಳನ್ನು ಒಂದರಿಂದೊಂದು ಕಳೆದರೆ xy = y² − 4. y = 4 ಆದಾಗ x = 3; y = 1/√2 ಆದಾಗ x ಸುಮಾರು −4.95. ಇವೆರಡರ ಚಿಹ್ನೆ ಬದಲಿಸಿದರೆ ಇನ್ನೆರಡು. ಒಟ್ಟು ನಾಲ್ಕು ಬಿಂದು. ಫ್ರಾನ್ಸಿನ ಎತಿಯೆನ್ ಬೆಝೂ 1779ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ಗರಿಷ್ಠ ಮಿತಿಯೂ ಇದೇ: ಮಹತ್ತಮ ಘಾತಗಳ ಗುಣಲಬ್ಧ, ಇಲ್ಲಿ 2 × 2. ಎರಡೂ ವಕ್ರರೇಖೆಗಳು ಒಂದು ಇಡೀ ಭಾಗವನ್ನೇ ಹಂಚಿಕೊಂಡಿದ್ದರೆ ಮಾತ್ರ ಈ ಲೆಕ್ಕ ನಡೆಯದು.

ಆದರೆ y ಸಿಕ್ಕಿತೆಂದು ಅಲ್ಲಿಗೇ ಬಿಡುವಂತಿಲ್ಲ. x² + y² = 1 ಮತ್ತು y = x² + 2 ತೆಗೆದುಕೊಳ್ಳಿ. x² ಬದಲಿಗೆ y − 2 ಹಾಕಿದರೆ y² + y − 3 = 0; ಒಂದು ಉತ್ತರ y ≈ 1.30. ನೋಡಲು ಸಭ್ಯ ಸಂಖ್ಯೆಯೇ. ಆದರೆ ಆಗ x² ≈ −0.70! ಚಿತ್ರ ಬರೆದರೆ ಕಾರಣ ಕಣ್ಣಿಗೇ ಕಾಣುತ್ತದೆ: ವೃತ್ತದ ನೆತ್ತಿ 1ರಲ್ಲಿ ಮುಗಿಯುತ್ತದೆ, ಪರವಲಯ ಶುರುವಾಗುವುದೇ 2ರಿಂದ.

ಇನ್ನೊಂದು ಮೋಸ ಸೂಕ್ಷ್ಮವಾದದ್ದು. xy = 1, xy = 2 ಇವು ಎಂದೂ ಕೂಡಲಾರವು. ಆದರೂ x ನ್ನು ವರ್ಜಿಸಿದರೆ ರಿಸಲ್ಟೆಂಟ್ −y ಬಂದು, y = 0 ಉತ್ತರವೆಂಬಂತೆ ತೋರುತ್ತದೆ. x ನ ಸಹಗುಣಕವೇ y. ಅದು ಸೊನ್ನೆಯಾದಾಗ ಎರಡೂ ಸಮೀಕರಣಗಳಿಂದ x ತಾನಾಗಿ ಮಾಯವಾಗಿ, ಷರತ್ತು ಸುಮ್ಮನೆ ಪಾಲನೆಯಾಗುತ್ತದೆ. ಹೀಗಾಗಿ ರಿಸಲ್ಟೆಂಟ್ ಕೊಟ್ಟ ಪ್ರತಿಯೊಂದು y ಯನ್ನೂ ಮೂಲದ ಎರಡು ಸಮೀಕರಣಗಳಲ್ಲೇ ಹಾಕಿ ನೋಡಬೇಕು. ಎರಡಕ್ಕೂ ಹೊಂದುವ x ಸಿಗದಿದ್ದರೆ ಅದನ್ನು ಕೈಬಿಡಬೇಕು.