ಬೆಳಗಿನ ಆ ಒಂದು ಅಂಕಿ

ಐವತ್ತು ದಾಟಿದ ಒಬ್ಬ ಶಾಲಾ ಶಿಕ್ಷಕಿ ಇದ್ದಾರೆ ಅಂದುಕೊಳ್ಳಿ. ಶುಗರ್ ಬಂದು ಎಂಟು ವರ್ಷವಾಗಿದೆ. ಮನೆಯವರೆಲ್ಲ ಅನ್ನ, ಸಾರು ಉಣ್ಣುವಾಗ ಅವರು ಒಂದು ಚಪಾತಿ, ಹುರುಳಿಕಾಯಿ ಪಲ್ಯದಲ್ಲಿ ರಾತ್ರಿಯೂಟ ಮುಗಿಸಿದ್ದಾರೆ. ಮಲಗುವಾಗ 140 ಇತ್ತು. ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ 168. ಪಕ್ಕದಲ್ಲಿದ್ದ ಮಗ ಕೇಳುತ್ತಾನೆ, "ರಾತ್ರಿ ಏನ್ ತಿಂದೆ ಅಮ್ಮಾ?"

ಏನೂ ತಿಂದಿಲ್ಲ. ಏಳುವ ಹೊತ್ತಿಗೆ ಮೈಗೆ ಚೈತನ್ಯ ಬೇಕೆಂದು ನಸುಕಿನಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ, ಲಿವರ್ ರಕ್ತಕ್ಕೆ ಗ್ಲೂಕೋಸ್ ಬಿಡುತ್ತದೆ. ಎಲ್ಲರಲ್ಲೂ ಹೀಗೇ. ಉಳಿದವರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ, ಮಧುಮೇಹಿಗಳಲ್ಲಿ ಅಷ್ಟು ಸಾಲುವುದಿಲ್ಲ. ಇದನ್ನು ಯಾರೂ ಹೇಳಿಕೊಡದಿದ್ದರೆ ಆ ಅಂಕಿ ನಡತೆಗೆ ಬಿದ್ದ ಮಾರ್ಕ್ಸ್ ಆಗಿ ಕಾಣುತ್ತದೆ.

ಪಥ್ಯ ಮಾಡಿದರೂ ಬೈಗುಳ ತಪ್ಪದ ಮೇಲೆ ಮನಸ್ಸು ಬೇರೆ ದಾರಿ ಹುಡುಕುತ್ತದೆ. ಮೊದಲು ಬೆರಳು ಚುಚ್ಚುವುದು ನಿಲ್ಲುತ್ತದೆ. ಆಮೇಲೆ ಡಾಕ್ಟರ ಬಳಿ ಹೋಗುವ ಮುಂಚಿನ ಮೂರು ದಿನ ಮಾತ್ರ ಕಟ್ಟುನಿಟ್ಟು. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುವುದರಿಂದ ಆ ಆಟ ನಡೆಯುವುದಿಲ್ಲ. ಮತ್ತೆ ಬೈಗುಳ. ಮುಂದಿನ ಸಲ ಆಸ್ಪತ್ರೆಗೇ ಹೋಗುವುದಿಲ್ಲ. ಹೊರಗಿನವರು ಇದನ್ನು ಅಸಡ್ಡೆ ಅನ್ನುತ್ತಾರೆ. ನನಗಂತೂ ಇದು ದಣಿವು ಅನಿಸುತ್ತದೆ.

ಮಧುಮೇಹದ ಈ ಮನೋಭಾರವನ್ನು ಅಳೆಯಲು ಅಮೆರಿಕದ ಬಾಸ್ಟನ್‌ನ ಜಾಸ್ಲಿನ್ ಕೇಂದ್ರದಲ್ಲಿ ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು ರೂಪಿಸಿದ 20 ಪ್ರಶ್ನೆಗಳ ಪಟ್ಟಿ 1995ರಲ್ಲಿ ಪ್ರಕಟವಾಯಿತು. ಊಟ-ತಿಂಡಿಯ ಚಿಂತೆ, ಮುಂದೆ ಏನಾಗುವುದೋ ಎಂಬ ಭಯ ಇಂಥವು ಎಷ್ಟು ಕಾಡುತ್ತವೆ ಎಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಒಟ್ಟನ್ನು 1.25ರಿಂದ ಗುಣಿಸಿದಾಗ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಭಾರ ಹೆಚ್ಚಾಗಿದೆ ಎಂದರ್ಥ. ಇದು ಖಿನ್ನತೆಯಲ್ಲ. ಶುಗರ್ ವಿಷಯ ಬಿಟ್ಟರೆ ಈ ಶಿಕ್ಷಕಿ ನಗುತ್ತಾರೆ, ಪಾಠ ಮಾಡುತ್ತಾರೆ, ಮದುವೆಗೆ ಸೀರೆ ಆರಿಸುತ್ತಾರೆ. ಖಿನ್ನತೆಯಲ್ಲಿ ಯಾವುದೂ ಬೇಡವಾಗುತ್ತದೆ. ಎರಡು ವಾರ ಹಾಗೆಯೇ ಇದ್ದರೆ ಮನೋವೈದ್ಯರನ್ನು ಕಾಣಬೇಕು. ಎರಡೂ ಒಟ್ಟಿಗೆ ಬರುವುದೂ ಉಂಟು.

ಖಿನ್ನತೆಯ ಮಾತ್ರೆ ಈ ದಣಿವಿಗೆ ಮದ್ದಲ್ಲ. ಶಿಕ್ಷಕಿಗೆ ಬೇಕಾದದ್ದು ಬೆಳಗಿನ 168 ಎಲ್ಲಿಂದ ಬಂತು ಎಂದು ಜೊತೆಗೆ ಕೂತು ಹುಡುಕುವವರು. ಕೆಲವು ದಿನ ಮಲಗುವಾಗ, ನಸುಕಿನ ಮೂರಕ್ಕೆ, ಎದ್ದ ಕೂಡಲೇ ನೋಡಿ ಬರೆದಿಡಲು ವೈದ್ಯರು ಹೇಳಬಹುದು. ಮೂರಕ್ಕೆ 130 ಇದ್ದು ಆರಕ್ಕೆ 168 ಆದರೆ ಚಪಾತಿಯ ತಪ್ಪಿಲ್ಲ, ಔಷಧದ ಪ್ರಮಾಣವನ್ನೋ ಹೊತ್ತನ್ನೋ ಬದಲಿಸಿ ನೋಡಬೇಕು. ಮೂರಕ್ಕೆ 70ಕ್ಕಿಂತ ಇಳಿದಿದ್ದರೆ ವಿಷಯವೇ ಬೇರೆ, ಔಷಧ ಕಡಿಮೆ ಮಾಡಬೇಕಾಗಬಹುದು. ಆ ಚೀಟಿಯನ್ನು ಮಗನಿಗೂ ತೋರಿಸಬೇಕು.